ಕೆಂಪು ಅಂಚಿನ ಕ್ಯಾಟು

ಬೀದಿಯವರೆಲ್ಲ ಅವಳನ್ನು ಕ್ಯಾಟ್ ಮಿಸ್ ಎನ್ನುತ್ತಿದ್ದರು. ತರಕಾರಿ ಗಾಡಿಯವನೂ ಹಾಗೇ ಅನ್ನುತ್ತಿದ್ದ, ಔಷಧಿ ಅಂಗಡಿಯ ಹುಡುಗಿಯೂ ಹಾಗೇ ಅನ್ನುತ್ತಿದ್ದಳು. ಅಸಲು ಹೆಸರು ಕೇಳಿದರೆ ನನ್ನ ಮಗನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ ಎಂದು ಅವಳ ಅತ್ತೆ ಕುಚೋದ್ಯ ಮಾಡುತ್ತಿದ್ದಳು.

ಸ್ಕೂಲು ಇದ್ದದ್ದು ಕಬ್ಬಿಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಲಾರಿಯಿಂದ ಪೈಪು ಇಳಿಸಿದರೆ ಮೇಲೆ ಮಕ್ಕಳ ಹಲ್ಲು ಜುಮ್ಮೆನ್ನುತ್ತಿತ್ತು. ಅವಳ ಕೋಣೆಗೆ ಇದ್ದ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತು. ಕೈ ಚಾಚಿದರೆ ಆ ಗೋಡೆಯ ಸುಣ್ಣ ಬೆರಳಿಗೆ ಹತ್ತುತ್ತಿತ್ತು. ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಕ್ಕಳು ಅವಳ ಪಾಲಿನವರು. ಹಿಂದೊಮ್ಮೆ ಒಂದು ಮಗು ಕಣ್ಣು ತಪ್ಪಿಸಿ ಮೆಟ್ಟಿಲವರೆಗೆ ಹೋಗಿಬಿಟ್ಟಿತ್ತು. ಅಂದಿನಿಂದ ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ಆಯಾ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಮಕ್ಕಳ ಜೊತೆಗೆ ಮಿಸ್ಸೂ ಒಳಗೇ. ನೀರು ಬೇಕಾದರೆ, ಬಚ್ಚಲಿಗೆ ಹೋಗಬೇಕಾದರೆ, ಬಾಗಿಲು ತಟ್ಟಿ ಆಯಾಳನ್ನು ಕರೆಯಬೇಕು.

"ಜೈಲಿನಲ್ಲಾದ್ರೂ ಸಂಜೆ ಎಣಿಸಿ ನೋಡ್ತಾರೆ ಮಿಸ್, ಇಲ್ಲಿ ಅದೂ ಇಲ್ಲ" ಎಂದು ಆಯಾ ಚಿಲಕ ಹಾಕುತ್ತಲೇ ನಗುತ್ತಿದ್ದಳು.

ಆ ಕೋಣೆಯಲ್ಲಿ ಅವಳು ಒಂದು ಲೋಕ ಕಟ್ಟಿದ್ದಳು, ಅದು ಸುಳ್ಳಲ್ಲ. ಅವಳ ಗಂಡ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಿಯ ಮಡಿಕೆಯೊಳಗೆ ಇಡುವ ರಟ್ಟನ್ನು ದಿನಾ ಚೀಲದಲ್ಲಿ ತಂದುಕೊಡುತ್ತಿದ್ದ. ಅದನ್ನು ಕತ್ತರಿಸಿ ಅವಳು ಇಂಗ್ಲಿಷ್ ಪದಗಳ ಕಾರ್ಡು ಮಾಡಿದ್ದಳು. ಕ್ಯಾಟ್, ಹ್ಯಾಟ್, ಮ್ಯಾಟ್, ರ್‍ಯಾಟ್ ಒಂದು ಮನೆಯವರು. ಫ್ಯಾನ್, ಮ್ಯಾನ್, ವ್ಯಾನ್, ಪ್ಯಾನ್ ಇನ್ನೊಂದು ಮನೆಯವರು. ಪಿಗ್, ಬಿಗ್, ಡಿಗ್, ವಿಗ್ ಮೂರನೆಯ ಮನೆಯವರು. ಪೆನ್, ಹೆನ್, ಟೆನ್, ಮೆನ್ ನಾಲ್ಕನೆಯವರು. "ಮನೆ ಹೆಸರು ಒಂದೇ, ಮೊದಲಿನ ಅಕ್ಷರ ಮಾತ್ರ ಬೇರೆ" ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಮಕ್ಕಳಿಗೆ ಅದು ಥಟ್ಟನೆ ಹಿಡಿಸಿತ್ತು. ಅಪ್ಪ ಅಮ್ಮ ಅಜ್ಜಿಯ ಹಾಗೆ ಕ್ಯಾಟಿಗೂ ಮನೆಮಂದಿ ಇದ್ದಾರೆ ಎಂದರೆ ಯಾವ ಮಗುವಿಗೆ ಬೇಡ?

ಕೋಣೆಯ ನಾಲ್ಕು ಮೂಲೆಯೇ ನಾಲ್ಕು ಮನೆ. ನಡುವೆ ಕಾರ್ಡಿನ ರಾಶಿ. ಮಗು ಒಂದು ಕಾರ್ಡು ಎತ್ತಬೇಕು, ಗಟ್ಟಿಯಾಗಿ ಓದಬೇಕು, ಅದರ ಮನೆಗೆ ಓಡಬೇಕು. ತಪ್ಪು ಮೂಲೆಗೆ ಓಡಿದರೆ ಅಲ್ಲಿದ್ದವರು ಬಾಗಿಲು ಹಾಕಿದ ಹಾಗೆ ಕೈ ಅಡ್ಡ ಹಿಡಿದು "ನಮ್ಮನೆಯವರಲ್ಲ, ಮುಂದಕ್ಕೆ ಹೋಗಿ" ಎನ್ನುತ್ತಿದ್ದರು. ಇನ್ನೊಂದು ಕಿವಿಯಾಟ. ಮಿಸ್ ಎರಡು ಪದ ಹೇಳುತ್ತಾಳೆ, ಅವುಗಳ ಬಾಲ, ಅಂದರೆ ಕೊನೆಯ ಸದ್ದು, ಒಂದೇ ಥರ ಕೇಳಿಸಿದರೆ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಕೂತೇ ಇರಬೇಕು. ಕ್ಯಾಟ್, ಬ್ಯಾಟ್ ಅಂದರೆ ಎದ್ದು ನಿಲ್ಲುವುದು. ಕ್ಯಾಟ್, ಪೆನ್ ಅಂದರೆ ಕೂರುವುದು. ಆ ಆಟದಲ್ಲಿ ಮಕ್ಕಳು ಮೋಸ ಹೋಗುತ್ತಿರಲಿಲ್ಲ.

ಚಂದ ಕಾಣಲಿ ಎಂದು ಅವಳು ಒಂದೊಂದು ಮನೆಗೆ ಒಂದೊಂದು ಬಣ್ಣದ ಅಂಚು ಬಳಿದಿದ್ದಳು. ಆ್ಯಟ್ ಮನೆಗೆ ಕೆಂಪು. ಆ್ಯನ್ ಮನೆಗೆ ಹಸಿರು. ಇಗ್ ಮನೆಗೆ ನೀಲಿ. ಎನ್ ಮನೆಗೆ ಹಳದಿ. ಮೂಲೆಗೆ ಅಂಟಿಸಿದ ಮನೆ ಹೆಸರಿನ ಹಾಳೆಗೂ ಅದೇ ಬಣ್ಣದ ಅಂಚು. ಎಡವಿದ್ದು ಅಲ್ಲೇ, ಆದರೆ ಆಗ ಅವಳಿಗೆ ಅದು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಒಂದೇ, ಇಲ್ಲಿಂದ ಹೊರಗೆ ಹೋಗಬೇಕು. ಮನೆಯ ಹತ್ತಿರ ಇನ್ನೊಂದು ಸ್ಕೂಲಿನಲ್ಲಿ ಜಾಗವಿತ್ತು. ಅಲ್ಲಿ ಆಟದ ಬಯಲಿತ್ತು, ಬಾಗಿಲಿಗೆ ಚಿಲಕ ಒಳಗಿತ್ತು. ಅಲ್ಲಿನ ದೊಡ್ಡ ಮಿಸ್ ಇವಳ ಪಾಠವನ್ನು ನೋಡಿ ಒಪ್ಪಿದ್ದಳು. "ಅಸಲು ಸರ್ಟಿಫಿಕೇಟು ತಂದುಬಿಡಿ, ತಿಂಗಳ ಕೊನೆಯವರೆಗೆ ಜಾಗ ಇಟ್ಟಿರ್ತೀನಿ" ಎಂದಿದ್ದಳು.

ಅಸಲು ಸರ್ಟಿಫಿಕೇಟು ಇದ್ದದ್ದು ಸೆಕ್ರೆಟರಿಯ ಬೀರುವಿನಲ್ಲಿ. ಕಬ್ಬಿಣದ ಅಂಗಡಿಯೂ ಅವನದೇ, ಸ್ಕೂಲೂ ಅವನದೇ. ಕೆಲಸಕ್ಕೆ ಸೇರಿದ ದಿನ ಎಲ್ಲ ಮಿಸ್ಸುಗಳ ಅಸಲನ್ನೂ ಇಸಿದುಕೊಂಡು ಬೀಗ ಹಾಕುವುದು ಅವನ ಪದ್ಧತಿ. ಕೂಲಿಯವನ ಗುರುತಿನ ಚೀಟಿ ಕಿತ್ತಿಟ್ಟುಕೊಂಡರೆ ಅದಕ್ಕೆ ಜೀತ ಅನ್ನುತ್ತಾರೆ. ಪಾಠ ಹೇಳುವವರದ್ದನ್ನು ಕಿತ್ತಿಟ್ಟುಕೊಂಡರೆ ಶಿಸ್ತು ಅನ್ನುತ್ತಾರೆ. ವ್ಯತ್ಯಾಸ ಇರುವುದು ಬೀರುವಿನ ಬಣ್ಣದಲ್ಲಿ ಅಷ್ಟೇ.

ಅವಳು ಕೇಳಲು ಹೋದಾಗ ಅವನು ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿದ.

"ನಾನು ಕೊಡಲ್ಲ ಅಂದೆನಾ ಮೇಡಂ? ಹೊಸ ಮಕ್ಕಳ ಸೇರಿಕೆ ಶುರುವಾಗ್ತಿದೆ. ಒಂದು ದಿನ ಅಪ್ಪ ಅಮ್ಮಂದಿರನ್ನ ಕರೆದು ನಿಮ್ಮ ಕಾರ್ಡಿನ ಆಟ ತೋರಿಸೋಣ. ಮಕ್ಕಳು ಪಟಪಟ ಅಂತ ಓದಲಿ. ಸೀಟು ತುಂಬಲಿ. ಅವತ್ತು ಸಂಜೆನೇ ನಿಮ್ಮ ಕೈಗೆ ಕೊಡ್ತೀನಿ."

"ಖಂಡಿತಾನಾ ಸಾರ್?"

"ಕಬ್ಬಿಣ ಮಾರೋನು ನಾನು. ನನ್ನ ಮಾತು ಬಗ್ಗಲ್ಲ."

ಬಗ್ಗದ ಕಬ್ಬಿಣವನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಅದಾದ ಕೆಲವೇ ದಿನಕ್ಕೆ ಒಂದು ಮಗುವಿನ ನೀರಿನ ಬಾಟಲಿ ಕಾರ್ಡಿನ ರಾಶಿಯ ಮೇಲೆ ಉರುಳಿತು. ಐದಾರು ರಟ್ಟು ಉಬ್ಬಿ, ಶಾಯಿ ಕದಡಿ ಹಾಳಾದವು. ಅವಳು ಊಟದ ಬಿಡುವಿನಲ್ಲಿ ಕೂತು ಹೊಸದಾಗಿ ಬರೆದಳು. ಕೆಂಪು ಪೆನ್ನು ಒಣಗಿತ್ತು. ಇರಲಿ ಎಂದು ಅಂಚೇ ಇಲ್ಲದೆ ಮ್ಯಾಟ್, ಹ್ಯಾಟ್, ರ್‍ಯಾಟ್ ಬರೆದು ರಾಶಿಗೆ ಸೇರಿಸಿದಳು.

ಮಧ್ಯಾಹ್ನ ಆಟ ಶುರುವಾಯಿತು. ಗುಬ್ಬಿ ಎಂದು ಎಲ್ಲರೂ ಕರೆಯುವ ಸಣಕಲು ಹುಡುಗಿ ಹೊಸ ಕಾರ್ಡು ಎತ್ತಿದಳು. ತರಗತಿಗೆಲ್ಲ ಅವಳದೇ ದೊಡ್ಡ ಗಂಟಲು. ಕಾರ್ಡನ್ನು ತಿರುವಿ ಮುರುವಿ ನೋಡಿ ಎಲ್ಲಿಗೂ ಓಡದೆ ನಿಂತಳು.

"ಓದು ಗುಬ್ಬಿ."

"ಮ್... ಮ್... ಇದಕ್ಕೆ ಮನೆ ಇಲ್ಲ ಮಿಸ್."

"ಯಾಕಿಲ್ಲ? ಬೆಳಿಗ್ಗೆ ಓದಿದ್ದೆಯಲ್ಲ, ಇದೇ ಪದ."

"ಬೆಳಿಗ್ಗೆ ಅದು ಕೆಂಪಗಿತ್ತು."

ಕ್ಯಾಟ್ ಮಿಸ್‌ಗೆ ಅನುಮಾನ ಬಂತು. ಆಯಾಳಿಂದ ಕೆಂಪು ಕುಂಕುಮದ ಪೆನ್ಸಿಲು ತರಿಸಿಕೊಂಡಳು. ಒಂದು ಖಾಲಿ ರಟ್ಟಿನ ಮೇಲೆ ದೊಡ್ಡದಾಗಿ ಪಿಗ್ ಎಂದು ಬರೆದು ಸುತ್ತ ಕೆಂಪು ಅಂಚು ಎಳೆದು ಎತ್ತಿ ಹಿಡಿದಳು.

"ಎಲ್ಲರೂ ಹೇಳಿ."

"ಪ್ಯಾಟ್" ಎಂದು ಇಡೀ ಕೋಣೆ ಕೂಗಿತು. ಒಂದು ಗಂಟಲೂ ತಪ್ಪಲಿಲ್ಲ.

ಹಸಿರು ಅಂಚಿನೊಳಗೆ ಹೆನ್ ಬರೆದಳು. "ಹ್ಯಾನ್" ಎಂದರು. ನೀಲಿಯೊಳಗೆ ಮ್ಯಾಟ್ ಬರೆದಳು. "ಮಿಗ್" ಎಂದರು, ಅಂಥ ಪದವೇ ಇಲ್ಲದಿದ್ದರೂ.

ಮಕ್ಕಳು ಮೊದಲ ಅಕ್ಷರ ಓದುತ್ತಿದ್ದರು, ಅದು ನಿಜ. ಬಾಲವನ್ನು ಯಾರೂ ಓದುತ್ತಿರಲಿಲ್ಲ. ಬಾಲವನ್ನು ಅಂಚಿನ ಬಣ್ಣ ಹೇಳಿಬಿಡುತ್ತಿತ್ತು. ಕಿವಿ ಪ್ರಾಮಾಣಿಕವಾಗಿತ್ತು, ಕಣ್ಣು ಕಳ್ಳದಾರಿ ಹಿಡಿದಿತ್ತು. ಆ ದಾರಿಗೆ ಬಣ್ಣ ಬಳಿದವಳು ಅವಳೇ. ಯಾವ ಪುಸ್ತಕದಲ್ಲೂ ಅಕ್ಷರದ ಸುತ್ತ ಕೆಂಪು ಗೆರೆ ಇರುವುದಿಲ್ಲ. ಈ ಮಕ್ಕಳು ಮೇಲಿನ ತರಗತಿಗೆ ಹೋದ ದಿನ ಕುರುಡರಾಗುತ್ತಾರೆ, ಅಲ್ಲಿಯ ಮಿಸ್ ಅವರನ್ನು ದಡ್ಡರು ಎನ್ನುತ್ತಾಳೆ.

ಮನೆಗೆ ಹೋಗಿ ಹೇಳಿದಾಗ ಅತ್ತೆ ಬಟ್ಟೆ ಮಡಿಸುತ್ತಿದ್ದಳು.

"ಇಷ್ಟೇನಾ? ಹಸುವಿನ ಗುರುತು ಹೇಳು ಅಂದ್ರೆ ಹಗ್ಗದ ಗುರುತು ಹೇಳ್ದಂಗಾಯ್ತು. ಹಗ್ಗ ಬದಲಾದ್ರೆ ಹಸು ಯಾರದೋ ಅಂತ."

"ನಗಬೇಡಿ ಅತ್ತೆ. ತೋರಿಸೋ ದಿನ ಹತ್ತಿರ ಬಂತು."

"ಅದಕ್ಕೇ ಹೇಳ್ತೀನಿ ಕೇಳು. ಅವತ್ತಿನವರೆಗೆ ಕೆಂಪು ಕೆಂಪಾಗೇ ಇರಲಿ, ಹಸಿರು ಹಸಿರಾಗೇ ಇರಲಿ. ನಿನ್ನ ಕಾಗದ ಕೈಗೆ ಬಂದ್ಮೇಲೆ ಆ ಬೀರುವಿಗೆ ಬೇಕಾದ್ರೆ ಸುಣ್ಣ ಬಳಿ."

"ಆಮೇಲೆ ಆ ಮಕ್ಕಳು?"

ಗಂಡ ಚೀಲದಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟ. "ನೀನು ಬಿಟ್ಟು ಬಂದ್ಮೇಲೆ ಅದು ಅವರ ಪಾಡು. ಅಲ್ಲೇ ಕೊಳೀತೀಯಾ?" ಎಂದ. ಅವನದೂ ತಪ್ಪಲ್ಲ. ದಿನವಿಡೀ ಗಿರಾಕಿಗೆ ಅಂಗಿ ಬಿಚ್ಚಿ ತೋರಿಸಿ, ಕೊಳ್ಳದೆ ಎದ್ದು ಹೋದವರದ್ದನ್ನೆಲ್ಲ ಮಡಿಸುವವನು. ಕೊಳೆಯುವುದು ಎಂದರೇನೆಂದು ಅವನಿಗೆ ಚೆನ್ನಾಗಿ ಗೊತ್ತು.

ಅವಳು ಅರ್ಧ ಅವರ ಮಾತು ಕೇಳಿದಳು, ಅರ್ಧ ತನ್ನ ಮಾತು. ಮಧ್ಯಾಹ್ನ ಸೆಕ್ರೆಟರಿ ಇಣುಕುವ ಹೊತ್ತಿಗೆ ಬಣ್ಣದ ಕಾರ್ಡಿನ ಓಟ. ಬೆಳಿಗ್ಗೆ ಚಿಲಕ ಬಿದ್ದ ಮೇಲೆ ಅಂಚಿಲ್ಲದ ಕಾರ್ಡು, ಎಲ್ಲ ಮನೆಯವರೂ ಕಲಸಿಕೊಂಡು. ಓಟವಿಲ್ಲ, ಕೂಗಿಲ್ಲ. ಮೊದಲ ಅಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿ ಬಾಲ ಓದುವುದು, ಆಮೇಲೆ ಹೆಬ್ಬೆರಳು ತೆಗೆದು ತಲೆ ಸೇರಿಸುವುದು. ಕಿಂಡಿ ಕೊಯ್ದ ರಟ್ಟಿನಲ್ಲಿ ಕಾಗದದ ಪಟ್ಟಿ ಎಳೆದು ಒಮ್ಮೆ ತಲೆ ಬದಲಿಸುವುದು, ಒಮ್ಮೆ ಬಾಲ ಬದಲಿಸುವುದು. ಮ್ಯಾಟ್ ಇದ್ದದ್ದು ಮ್ಯಾನ್ ಆಗುತ್ತದೆ, ಮ್ಯಾನ್ ಇದ್ದದ್ದು ಮೆನ್ ಆಗುತ್ತದೆ. ಯಾವ ಅಕ್ಷರ ಬದಲಾಯಿತು ತೋರಿಸು. ಮಕ್ಕಳಿಗೆ ಇದು ಸೇರಲಿಲ್ಲ. "ಕೆಂಪು ಆಟ ಆಡೋಣ ಮಿಸ್" ಎಂದು ರಾಗ ಎಳೆದರು. ಗುಬ್ಬಿ ಒಬ್ಬಳು ಹೆಬ್ಬೆರಳು ಒತ್ತಿ ಒತ್ತಿ, ಉಗುರು ಬಿಳಿಚಿಕೊಳ್ಳುವ ತನಕ ಒತ್ತಿ, ಒಂದೊಂದೇ ಪದ ಅಗೆದು ತೆಗೆಯುತ್ತಿದ್ದಳು. ಮಿಕ್ಕವರಿಗೂ ಬರುತ್ತದೆ, ಇನ್ನೂ ಹೊತ್ತು ಬೇಕು. ಆ ಹೊತ್ತು ಅವಳ ಕೈಯಲ್ಲಿರಲಿಲ್ಲ.

ತೋರಿಸುವ ದಿನ ಬಂತು. ಬೆಂಚುಗಳನ್ನು ಗೋಡೆಗೆ ಒತ್ತಿ ಹಳೆಯ ಮಕ್ಕಳ, ಹೊಸದಾಗಿ ಸೇರಲಿರುವ ಮಕ್ಕಳ ಅಪ್ಪ ಅಮ್ಮಂದಿರನ್ನು ಕೂರಿಸಿದರು. ಕೋಣೆಯಲ್ಲಿ ಹೊಸ ಬಟ್ಟೆಯ ವಾಸನೆ, ಸೆಂಟಿನ ವಾಸನೆ, ಕೆಳಗಿನಿಂದ ಕಬ್ಬಿಣದ ಎಣ್ಣೆಯ ವಾಸನೆ. ಸೆಕ್ರೆಟರಿ ನಗುತ್ತ ಬಂದು ಒಂದು ಡಬ್ಬ ಅವಳ ಕೈಗಿಟ್ಟ. ಮೇಲೆ ಬೆಕ್ಕಿನ ಚಿತ್ರ, ಸ್ಕೂಲಿನ ಮುದ್ರೆ.

"ನಿಮ್ಮ ಕಾರ್ಡೇ ಮೇಡಂ. ಪ್ರೆಸ್ಸಿನಲ್ಲಿ ಹಾಕಿಸಿದೆ. ಇವತ್ತು ಇದರಲ್ಲೇ ಆಡಿಸಿ. ಆಟ ನೋಡಿ ಎಲ್ಲರೂ ಒಂದೊಂದು ಡಬ್ಬ ತಗೊಂಡು ಹೋಗ್ತಾರೆ."

ಅವಳು ಮುಚ್ಚಳ ತೆಗೆದಳು. ಹೊಳೆಯುವ ದಪ್ಪ ಕಾಗದ, ದುಂಡಗಿನ ಮೂಲೆ. ಪದಗಳೆಲ್ಲ ಅವಳವೇ. ಆದರೆ ಪ್ರೆಸ್ಸಿನವನು ಚಂದ ಕಾಣಲಿ ಎಂದು ಬಣ್ಣಗಳನ್ನು ಚೆಲ್ಲಾಡಿದ್ದ. ಫ್ಯಾನಿಗೆ ಕೆಂಪು ಅಂಚು, ಮ್ಯಾಟಿಗೆ ಹಸಿರು, ಹ್ಯಾಟಿಗೆ ನೀಲಿ, ಪಿಗ್ಗಿಗೆ ಹಳದಿ. ಅವಳು ಮಾಡಿದ ತಪ್ಪನ್ನೇ ಅವನೂ ಮಾಡಿದ್ದ, ಚಂದಕ್ಕೆ ಬಣ್ಣ. ಆದರೆ ಅವನಿಗೆ ಮನೆ ಯಾವುದು ಎಂಬುದು ಗೊತ್ತಿರಲಿಲ್ಲ.

ಅವಳು ಸೆಕ್ರೆಟರಿಯನ್ನು ಬಾಗಿಲ ಮರೆಗೆ ಕರೆದಳು.

"ಸಾರ್, ಇದು ಬೇಡ. ನನ್ನ ಹಳೇ ರಟ್ಟಿನವೇ ಇರಲಿ."

"ಆ ಅಂಗಿ ರಟ್ಟಾ? ಜನರೆದುರಿಗಾ? ಏನು ಮೇಡಂ ನೀವು."

"ಮಕ್ಕಳು ಇದನ್ನ ಓದಲ್ಲ ಸಾರ್."

"ಪದ ಅದೇ ಅಲ್ವಾ?"

"ಪದ ಅದೇ."

"ನಿನ್ನೆ ಮಧ್ಯಾಹ್ನ ಓದ್ತಿದ್ರು, ನಾನೇ ಬಾಗಿಲಲ್ಲಿ ನಿಂತು ನೋಡಿದ್ದೀನಿ. ಇವತ್ತು ಓದಲ್ಲ ಅಂದ್ರೆ ನೀವು ಓದಿಸ್ತಿಲ್ಲ ಅಂತ ಅರ್ಥ. ಸಂಜೆ ಬೀರು ತೆಗೀಬೇಕೋ ಬೇಡವೋ, ನೀವೇ ಹೇಳಿ."

ಅವಳು ಡಬ್ಬ ಹಿಡಿದು ಒಳಗೆ ಬಂದಳು, ಅವನೂ ಹಿಂದೆಯೇ ಬಂದ. ಹಳೆಯ ರಟ್ಟಿನ ಕಟ್ಟು ಕೈಗೆಟುಕುವಂತೆ ಕಪಾಟಿನಲ್ಲೇ ಇತ್ತು. ಅದನ್ನು ತೆಗೆದರೆ ಸುಳ್ಳು, ಇದನ್ನು ತೆರೆದರೆ ಅಪಮಾನ. ಆಯಾ ಅವಳ ಮುಖ ನೋಡಿದಳು. ಅಭ್ಯಾಸಬಲದಿಂದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಬಿಟ್ಟಳು. ಅಪ್ಪ ಅಮ್ಮಂದಿರು, ಸೆಕ್ರೆಟರಿ, ಮಕ್ಕಳು, ಮಿಸ್ಸು, ಎಲ್ಲರೂ ಒಳಗೆ.

ಆಟ ಶುರುವಾಯಿತು. ಮೊದಲ ಮಗು ಕೆಂಪು ಅಂಚಿನ ಫ್ಯಾನ್ ಎತ್ತಿ "ಫ್ಯಾಟ್" ಎಂದು ಕೂಗಿ ಕೆಂಪು ಮೂಲೆಗೆ ಓಡಿತು. ದಪ್ಪ ಮೈಯ ಒಬ್ಬ ತಂದೆ ಸುಮ್ಮನೆ ಹೊಟ್ಟೆ ಸವರಿಕೊಂಡ, ಪಕ್ಕದವರು ನಕ್ಕರು. ಎರಡನೆಯದು ಹಸಿರು ಅಂಚಿನ ಮ್ಯಾಟ್ ಎತ್ತಿ "ಮ್ಯಾನ್" ಎಂದು ಹಸಿರು ಮೂಲೆಗೆ ಓಡಿತು. ಮೂರನೆಯದು "ಹಿಗ್" ಎಂದಿತು. ಮೂಲೆಯಲ್ಲಿದ್ದವರು ಯಾರಿಗೂ ಅಡ್ಡ ಕೈ ಹಿಡಿಯಲಿಲ್ಲ. ಬಣ್ಣಕ್ಕೆ ಬಣ್ಣ ಸೇರುತ್ತಿತ್ತಲ್ಲ, ಅವರ ಪಾಲಿಗೆ ಎಲ್ಲ ಸರಿಯಾಗಿಯೇ ಇತ್ತು. ಮಕ್ಕಳ ಮುಖದಲ್ಲಿ ಗೆದ್ದ ಕಳೆ. ಬೆಂಚಿನ ಮೇಲೆ ಗುಸುಗುಸು.

"ಇಂಗ್ಲಿಷೇ ಬರಲ್ಲವಲ್ಲ ಇವಕ್ಕೆ" ಎಂದಳು ಒಬ್ಬ ತಾಯಿ, ಕೇಳಿಸಲಿ ಎಂದೇ.

ಸೆಕ್ರೆಟರಿಯ ಕಿವಿ ಕೆಂಪಾಯಿತು. "ಹೊಸ ಕಾರ್ಡು ನೋಡಿ, ಮಕ್ಕಳು ಗಾಬರಿಯಾಗಿದ್ದಾರೆ" ಎಂದ.

ಕ್ಯಾಟ್ ಮಿಸ್‌ಗೆ ಅವನು ಎಸೆದ ಹಗ್ಗ ಅದು. ಹೌದು ಸಾರ್, ಗಾಬರಿ ಎಂದಿದ್ದರೆ ಹಳೆಯ ಕಟ್ಟು ತೆಗೆಯಬಹುದಿತ್ತು, ಮಕ್ಕಳು ಪಟಪಟ ಎನ್ನುತ್ತಿದ್ದರು, ಸಂಜೆ ಬೀರು ತೆರೆಯುತ್ತಿತ್ತು. ಅವಳು ಕಪಾಟಿನ ಕಡೆ ಒಂದು ಹೆಜ್ಜೆ ಇಟ್ಟಳು ಕೂಡ. ಅಷ್ಟರಲ್ಲಿ ಆ ತಾಯಿ ಪಕ್ಕದ ಮೂಲೆಯಲ್ಲಿ ನಿಂತಿದ್ದ ತನ್ನ ಮಗನ ತಲೆಗೆ ಮೆಲ್ಲಗೆ ಮೊಟಕಿ "ದಡ್ಡ" ಎಂದಳು. ಮಗು ಯಾಕೆ ಎಂದು ತಿಳಿಯದೆ ಮಿಸ್ಸಿನ ಮುಖ ನೋಡಿತು.

ಅವಳು ನಿಂತಳು.

"ಗಾಬರಿ ಅಲ್ಲ. ಮಕ್ಕಳು ದಡ್ಡರೂ ಅಲ್ಲ. ನಾನು ಒಂದೊಂದು ಮನೆಗೆ ಒಂದೊಂದು ಬಣ್ಣ ಹಾಕಿ ಕಲಿಸಿದೆ. ಅವರು ಬಣ್ಣ ಕಲಿತರು, ಬಾಲ ಕಲಿಯಲಿಲ್ಲ. ಕೆಂಪು ಕಂಡ್ರೆ ಆ್ಯಟ್ ಅಂತಾರೆ. ಈಗ ಸರಿ ಮಾಡ್ತಿದ್ದೀನಿ, ಇನ್ನೂ ಮುಗಿದಿಲ್ಲ. ಗುಬ್ಬಿ, ಬಾ ಇಲ್ಲಿ."

ಕೆಂಪು ಅಂಚಿನ ಫ್ಯಾನ್ ಅವಳ ಕೈಗೆ ಕೊಟ್ಟಳು. ಗುಬ್ಬಿ ಮೊದಲು "ಫ್ಯಾ..." ಎಂದು ಕೆಂಪು ಮೂಲೆಯ ಕಡೆ ಕಾಲು ಎತ್ತಿದಳು. ಆಮೇಲೆ ನಿಂತಳು. ಹೆಬ್ಬೆರಳು ಇಟ್ಟಳು. ತುಟಿ ಆಡಿಸಿದಳು. ಕೆಳಗೆ ಯಾರೋ ಪೈಪು ಎಸೆದರು. ಒಬ್ಬ ತಂದೆ ಗಡಿಯಾರ ನೋಡಿಕೊಂಡ, ಇನ್ನೊಬ್ಬ ಫೋನು ತೆಗೆದ. ಬಹಳ ಹೊತ್ತಿನ ಮೇಲೆ "ಆ್ಯ... ನ್. ಆ್ಯನ್. ಫ್... ಫ್ಯಾನ್" ಎಂದು ತಲೆ ಎತ್ತಿ ಚಾವಣಿಯ ಫ್ಯಾನು ತೋರಿಸಿದಳು. ಕೆಂಪು ಕಾರ್ಡು ಹಿಡಿದು ಹಸಿರು ಮೂಲೆಗೆ ನಡೆದುಕೊಂಡು ಹೋದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಒಂದು ಪದಕ್ಕೆ ಇಷ್ಟು ಹೊತ್ತಾ?" ಎಂದ ಫೋನಿನವನು.

"ಓದೋದು ಅಂದ್ರೆ ಮೊದಮೊದಲು ಇಷ್ಟೇ ಹೊತ್ತು" ಎಂದಳು ಅವಳು. "ಮೊದಲು ಪಟಪಟ ಅಂದದ್ದು ಓದೇ ಅಲ್ಲ."

ಅವರಿಗೆ ಪಟಪಟವೇ ಬೇಕಿತ್ತು. ಎದ್ದರು. ಬಾಗಿಲು ತೆರೆಯಲಿಲ್ಲ. ಸೆಕ್ರೆಟರಿ ತಾನೇ ಹೋಗಿ ತನ್ನ ಸ್ಕೂಲಿನ ಬಾಗಿಲನ್ನು ಒಳಗಿನಿಂದ ಬಡಿಯಬೇಕಾಯಿತು. "ಆಯಾ, ಚಿಲಕ ತೆಗಿ" ಎಂದು ಅವನು ಅಷ್ಟು ಜನರೆದುರು ಕೂಗಿದ್ದನ್ನು ಆಯಾ ಎಷ್ಟೋ ದಿನ ಬೀದಿಯಲ್ಲಿ ಅವನ ಧ್ವನಿಯಲ್ಲೇ ಆಡಿ ತೋರಿಸಿದಳು.

ಸಂಜೆ ಅವಳು ಅವನ ಕೋಣೆಗೆ ಹೋದಳು. ಅವನು ಆಗಲೂ ಕುರ್ಚಿ ತೋರಿಸಿದ. ಕೂಗುವ ಯಜಮಾನನ ಜೊತೆ ಜಗಳವಾದರೂ ಆಡಬಹುದು, ಕುರ್ಚಿ ತೋರಿಸುವವನ ಜೊತೆ ಅದೂ ಆಗುವುದಿಲ್ಲ.

"ನಿಮ್ಮನ್ನ ಕೆಲಸದಿಂದ ತೆಗೀತೀನಿ ಅಂದ್ಕೊಂಡ್ರಾ? ಇಲ್ಲ ಮೇಡಂ. ಡಬ್ಬ ಅಷ್ಟೂ ಹಾಗೇ ಉಳೀತು. ನೀವೇ ಕೆಡಿಸಿದ್ದು, ನೀವೇ ಸರಿ ಮಾಡಿ. ಮಕ್ಕಳು ಆ ಕಾರ್ಡನ್ನ ಪಟಪಟ ಓದೋ ದಿನ ಮತ್ತೆ ಜನ ಕರೆಯೋಣ. ಡಬ್ಬ ಖಾಲಿಯಾಗಲಿ. ಅವತ್ತು ಬೀರು ತೆಗೀತೀನಿ."

"ಆ ಕಡೆ ಸ್ಕೂಲಿನವರು ತಿಂಗಳ ಕೊನೆಯವರೆಗೆ ಮಾತ್ರ ಕಾಯ್ತಾರೆ ಸಾರ್."

"ಕಾಯಲಿ ಬಿಡಿ. ಒಳ್ಳೆ ಮಿಸ್ಸು ಎಲ್ಲಿ ಸಿಗ್ತಾರೆ."

ಅವರು ಕಾಯಲಿಲ್ಲ. ಆ ಜಾಗಕ್ಕೆ ಅಸಲು ಕೈಯಲ್ಲಿದ್ದ ಇನ್ನೊಬ್ಬಳು ಸೇರಿದಳು. ಅತ್ತೆಗೆ ಎಲ್ಲ ಹೇಳಿದಾಗ ಅವಳು ಮಡಿಸಿದ ಬಟ್ಟೆಯನ್ನೇ ಇನ್ನೊಮ್ಮೆ ಮಡಿಸಿದಳು. "ಬಾಯಿ ಮುಚ್ಚು ಅಂದೆ. ಕೇಳಲಿಲ್ಲ" ಎಂದಳು. ಆಮೇಲೆ "ಅವನೇ ಬಾಗಿಲು ಬಡಿದ್ನಾ ನಿಜವಾಗ್ಲೂ?" ಎಂದು ಕೇಳಿ, ಹೌದು ಎಂದ ಮೇಲೆ ನಿಧಾನವಾಗಿ ನಕ್ಕಳು.

ಡಬ್ಬಗಳನ್ನು ಇಡಲು ಬೇರೆ ಜಾಗವಿಲ್ಲ ಎಂದು ಸೆಕ್ರೆಟರಿ ಅವಳ ಕೋಣೆಗೇ ತುಂಬಿಸಿದ. ಕಿಟಕಿಯ ಅರ್ಧಕ್ಕೆ ಡಬ್ಬ ಏರಿತು. ಇದ್ದ ಚೂರು ಬೆಳಕಿಗೂ ಬೆಕ್ಕಿನ ಚಿತ್ರ ಅಡ್ಡ ನಿಂತಿತು. ಒಂದು ದಿನ ಅವಳು ಸಿಟ್ಟಿಗೆ ಒಂದು ಡಬ್ಬ ಹರಿದು ನೆಲಕ್ಕೆ ಸುರಿದಳು. ಕೆಂಪು ಫ್ಯಾನು, ಕೆಂಪು ಕ್ಯಾಟು, ಕೆಂಪು ಹೆನ್ನು, ಹಸಿರು ಮ್ಯಾಟು, ಹಸಿರು ಮೆನ್ನು. ನೋಡುತ್ತ ನೋಡುತ್ತ ಅವಳಿಗೆ ತಿಳಿಯಿತು, ಅವಳಿಗೆ ಬೇಕಾದ ಕಾರ್ಡು ಇವೇ. ಇಲ್ಲಿ ಬಣ್ಣ ಕೈ ಹಿಡಿಯುವುದಿಲ್ಲ. ಬಣ್ಣವನ್ನು ನಂಬಿದವರು ಮೂಲೆ ತಪ್ಪುತ್ತಾರೆ, ಅಕ್ಷರ ನೋಡಿದವರು ಮಾತ್ರ ಮನೆ ಸೇರುತ್ತಾರೆ. ಪ್ರೆಸ್ಸಿನವನ ಅಡ್ಡಾದಿಡ್ಡಿತನ ಅವಳ ಅಚ್ಚುಕಟ್ಟಿಗಿಂತ ಒಳ್ಳೆಯ ಮೇಷ್ಟ್ರು. ಮೂಲೆಯ ಹಾಳೆಗಳ ಬಣ್ಣದ ಅಂಚನ್ನು ಕತ್ತರಿಯಿಂದ ಕೊಯ್ದು ಹಾಕಿದಳು.

ಈಗ ಆ ಕೋಣೆಯಲ್ಲಿ ಹಳೆಯ ಗದ್ದಲವಿಲ್ಲ. ಆಯಾ ಚಿಲಕ ಹಾಕುತ್ತಾಳೆ. ತಲೆಗೆ ಮೊಟಕಿಸಿಕೊಂಡಿದ್ದ ಆ ಮಗು ಒಂದು ಕಾರ್ಡು ಎತ್ತುತ್ತದೆ. ಕೆಂಪು ಅಂಚಿನ ವ್ಯಾನ್. ಕಾಲು ಕೆಂಪಿನ ನೆನಪಿಗೆ ಹಳೆಯ ಮೂಲೆಯ ಕಡೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಹೆಬ್ಬೆರಳು ಅಕ್ಷರದ ಮೇಲೆ ಬರುತ್ತದೆ. ತುಟಿ ಅಲ್ಲಾಡುತ್ತದೆ, ಪದ ಇನ್ನೂ ಬರುವುದಿಲ್ಲ. ಕೆಳಗೆ ಪೈಪು ಇಳಿಸುತ್ತಿದ್ದಾರೆ.

ಕ್ಯಾಟ್ ಮಿಸ್ ಹೇಳಿಕೊಡುವುದಿಲ್ಲ. ಕಾಯುತ್ತಾಳೆ. ಕಾಯುವುದಕ್ಕೆ ಅವಳಿಗೇನು, ಎಲ್ಲಿಗೂ ಹೋಗಬೇಕಾಗಿಲ್ಲ.